2024-25ನೇ ಸಾಲಿನ ಮೊದಲ ಅವಧಿಯ ಪರೀಕ್ಷಾ ಫಲಿತಾಂಶ: ಎಸ್‌ಡಿಎಂಸಿ ಸಭೆಗೆ ವರದಿ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ
ಸಭೆಯ ದಿನಾಂಕ: 26-10-2024, ಶನಿವಾರ

ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರಿಗೆ,

ಸೆಪ್ಟೆಂಬರ್‌ನಲ್ಲಿ ನಡೆದ ಮೊದಲ ಸಂಕಲನಾತ್ಮಕ ಮೌಲ್ಯಮಾಪನದಲ್ಲಿ 4ರಿಂದ 7ನೇ ತರಗತಿಯ 54 ಮಕ್ಕಳಲ್ಲಿ 52 ಮಕ್ಕಳು ಪರೀಕ್ಷೆ ಬರೆದಿದ್ದಾರೆ. ಗೈರಾದ ಇಬ್ಬರಲ್ಲಿ ಒಬ್ಬರಿಗೆ ಜ್ವರವಿತ್ತು. ಆ ಮಗುವಿಗೆ ದಸರಾ ರಜೆ ಮುಗಿದ ಮೇಲೆ ಮರುಪರೀಕ್ಷೆ ಮಾಡಿದ್ದೇವೆ, ಅಂಕಗಳು ಕೆಳಗಿನ ಲೆಕ್ಕದಲ್ಲಿಲ್ಲ. ಇನ್ನೊಂದು ಮಗುವಿನ ಮನೆಯವರು ಕೊನೆ ಕೊಯ್ಲಿನ ಕೂಲಿಗೆ ಬೇರೆ ಊರಿಗೆ ಹೋದವರು ಇನ್ನೂ ಮರಳಿಲ್ಲ. ನಲಿಕಲಿಯ 1ರಿಂದ 3ನೇ ತರಗತಿಯ ಪ್ರಗತಿಯನ್ನು ಬೇರೆಯಾಗಿ ಮಂಡಿಸುತ್ತೇವೆ.

ಎಲ್ಲ ತರಗತಿಗಳಿಗೂ ಸಾಮಾನ್ಯವಾದ ಮೂರು ವಿಷಯಗಳ ಸರಾಸರಿ, ಶೇಕಡದಲ್ಲಿ:

| ತರಗತಿ | ಬರೆದವರು | ಕನ್ನಡ | ಇಂಗ್ಲಿಷ್ | ಗಣಿತ |
|---|---|---|---|---|
| 4 | 11 | 68 | 55 | 61 |
| 5 | 12 | 66 | 51 | 54 |
| 6 | 14 | 64 | 47 | 43 |
| 7 | 15 | 67 | 49 | 46 |
| ಶಾಲೆ | 52 | 66 | 50 | 50 |

6 ಮತ್ತು 7ನೇ ತರಗತಿಯ ಉಳಿದ ವಿಷಯಗಳಲ್ಲಿ ವಿಜ್ಞಾನ 61, ಹಿಂದಿ 58, ಸಮಾಜ ವಿಜ್ಞಾನ 57. ಎಲ್ಲ ವಿಷಯ ಸೇರಿದ ಶ್ರೇಣಿ: ಎ+ 3 ಮಕ್ಕಳು, ಎ 13, ಬಿ+ 19, ಬಿ 12, ಸಿ 5. ಸಿ ಎಂದರೆ ಶೇ. 30ಕ್ಕಿಂತ ಕಡಿಮೆ.

ಕನ್ನಡದಲ್ಲಿ ನಾಲ್ಕೂ ತರಗತಿಗಳು ಗಟ್ಟಿಯಾಗಿವೆ. ಇಂಗ್ಲಿಷ್‌ನಲ್ಲಿ ಮಕ್ಕಳು ಪಾಠದ ಪ್ರಶ್ನೆಗೆ ಬಾಯಿಪಾಠದ ಉತ್ತರ ಬರೆಯುತ್ತಾರೆ, ಸ್ವಂತ ವಾಕ್ಯ ಕೇಳಿದಲ್ಲಿ ಹಾಳೆ ಖಾಲಿ ಬಿಡುತ್ತಾರೆ. ಇದಕ್ಕೆ ದಿನಕ್ಕೆ ಎರಡು ವಾಕ್ಯ ಬರೆಸುವ ರೂಢಿಯನ್ನು ಈ ವಾರವೇ ಶುರು ಮಾಡಿದ್ದೇವೆ. ಸಮಿತಿಯ ಗಮನ ಮುಖ್ಯವಾಗಿ ಬೇಕಿರುವುದು 6ನೇ ತರಗತಿಯ ಗಣಿತಕ್ಕೆ.

43 ಎಂಬ ಸರಾಸರಿಯ ಒಳಗೆ ಏನಿದೆ

43 ಎಂದರೆ ತರಗತಿಯ ಮಕ್ಕಳೆಲ್ಲ ಸಾಧಾರಣವಾಗಿದ್ದಾರೆ ಎಂದು ತೋರುತ್ತದೆ. ಹಾಗಿಲ್ಲ. 14 ಮಕ್ಕಳ ಅಂಕಗಳು ಹೀಗಿವೆ: 88, 82, 76, 74, 52, 46, 38, 28, 26, 24, 22, 19, 15, 12. ನಾಲ್ವರು 70 ದಾಟಿದ್ದಾರೆ, ಏಳು ಮಕ್ಕಳು 30 ಮುಟ್ಟಿಲ್ಲ. 40ರಿಂದ 50ರೊಳಗೆ ಇರುವುದು ಒಂದೇ ಮಗು. ಒಂದೇ ಕೋಣೆಯಲ್ಲಿ ಎರಡು ತರಗತಿ ಇದ್ದಂತಾಗಿದೆ. ಮಧ್ಯದ ಮಟ್ಟಕ್ಕೆ ಪಾಠ ಮಾಡಿದರೆ ಅದು ಇಬ್ಬರಿಗೂ ಸಲ್ಲುವುದಿಲ್ಲ.

ಉತ್ತರ ಪತ್ರಿಕೆಗಳನ್ನು ಪ್ರಶ್ನೆವಾರು ನೋಡಿದಾಗ ತಪ್ಪುಗಳು ಮೂರು ಕಡೆ ಗುಂಪಾಗಿ ಸಿಕ್ಕವು. ಮೊದಲನೆಯದು ಭಾಗಾಕಾರದಲ್ಲಿ ಸೊನ್ನೆ ಬಿಡುವುದು: 612 ÷ 6ಕ್ಕೆ 102 ಬರಬೇಕಾದಲ್ಲಿ 12 ಬರೆದಿದ್ದಾರೆ. ಹತ್ತರ ಸ್ಥಾನದಲ್ಲಿ 1 ಅನ್ನು 6ರಿಂದ ಭಾಗಿಸಲಾಗದು, ಅಲ್ಲಿ ಸೊನ್ನೆ ಹಾಕಬೇಕು ಎಂಬುದು ಗೊತ್ತಿಲ್ಲ; ಅಂದರೆ ಕೊರತೆ ಇರುವುದು ಸ್ಥಾನಬೆಲೆಯಲ್ಲಿ. ಎರಡನೆಯದು ಭಿನ್ನರಾಶಿ: 1/2 + 1/3 = 2/5 ಎಂದು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದವರು 9 ಮಂದಿ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೂ ಉತ್ತರ ಅರ್ಧಕ್ಕಿಂತ ಕಡಿಮೆ ಬಂದಿದೆ ಎಂಬುದು ಅವರ ಗಮನಕ್ಕೆ ಬಂದಿಲ್ಲ. ಮೂರನೆಯದು ವಾಕ್ಯರೂಪದ ಲೆಕ್ಕ. "ಒಂದು ಮೂಟೆಗೆ 65 ಕೆ.ಜಿ. ಅಡಿಕೆ, 1,300 ಕೆ.ಜಿ.ಗೆ ಎಷ್ಟು ಮೂಟೆ?" ಎಂಬುದನ್ನು ಕೆಳಗಿನ ಏಳೂ ಮಕ್ಕಳು ಬಿಟ್ಟಿದ್ದಾರೆ. ಪರೀಕ್ಷೆಯ ನಂತರ ಅದೇ ಲೆಕ್ಕವನ್ನು ಒಬ್ಬೊಬ್ಬರನ್ನೇ ಕೂರಿಸಿ ಓದಿ ಹೇಳಿದೆವು. ಮೂವರು ಬಿಡಿಸಿದರು. ಹಾಗಾಗಿ ಆ ಮೂವರಿಗೆ ಲೆಕ್ಕದ ಭಾಷೆ ಓದುವುದೇ ತೊಡಕು, ನಾಲ್ವರಿಗೆ ಭಾಗಾಕಾರವೇ ತೊಡಕು. ಎಲ್ಲರಿಗೂ ಒಂದೇ ಔಷಧಿ ಕೊಡುವಂತಿಲ್ಲ.

ಹಾಜರಿ ಮತ್ತು ಹಳ್ಳ

ಭಾಗಾಕಾರ, ಭಿನ್ನರಾಶಿ ಎರಡೂ ಜುಲೈ-ಆಗಸ್ಟ್‌ನಲ್ಲಿ ನಡೆದ ಪಾಠಗಳು. ಆ ಎರಡು ತಿಂಗಳಲ್ಲಿ ಮಳೆ ರಜೆ 8 ದಿನ ಹೋಗಿ ಶಾಲೆ ನಡೆದದ್ದು 43 ದಿನ. ಹಳ್ಳದಾಚೆಯಿಂದ ಬರುವ 6ನೇ ತರಗತಿಯ ಐವರು ಮಕ್ಕಳು ಸರಾಸರಿ 24 ದಿನ ಬಂದಿದ್ದಾರೆ, ಉಳಿದ ಒಂಬತ್ತು ಮಕ್ಕಳು 39 ದಿನ. ಆ ಐವರೂ 30ರ ಕೆಳಗಿನ ಏಳು ಮಂದಿಯಲ್ಲೇ ಇದ್ದಾರೆ. ಕಾಲುಸಂಕದ ಮೇಲೆ ನೀರು ಹರಿಯುವಾಗ ಮಕ್ಕಳನ್ನು ಕಳಿಸದಿರುವ ಮನೆಯವರ ನಿರ್ಧಾರ ಸರಿಯಾದದ್ದೇ. ನಾವೂ ಹಾಗೆಯೇ ಹೇಳಿದ್ದೇವೆ. ಇದೇ ಐವರ ಕನ್ನಡದ ಸರಾಸರಿ 57. ತಪ್ಪಿದ ಪದ್ಯವನ್ನು ಮನೆಯಲ್ಲಿ ಓದಿಕೊಳ್ಳಬಹುದು. ಭಾಗಾಕಾರದ ಒಂದು ಮೆಟ್ಟಿಲು ತಪ್ಪಿದರೆ ಮುಂದಿನದು ಹತ್ತುವುದಿಲ್ಲ.

ಉಳಿದ ಇಬ್ಬರು 40 ಮತ್ತು 41 ದಿನ ಬಂದವರು, ಆದ್ದರಿಂದ ಅವರಿಗೆ ಹಾಜರಿಯ ಕಾರಣ ಹೇಳಲಾಗದು. ಮಳೆಗಾಲದಲ್ಲಿ ಹೆಂಚು ಸೋರುವ ಬದಿಯಿಂದ ಬೆಂಚುಗಳನ್ನು ಹಿಂದಕ್ಕೆ ಸರಿಸಿದ್ದೆವು. ಕೋಣೆಗೆ ಇರುವುದು ಒಂದೇ ಟ್ಯೂಬ್‌ಲೈಟ್. ಈ ಇಬ್ಬರಲ್ಲಿ ಒಬ್ಬರು ಬೋರ್ಡ್‌ನ ಅಂಕಿಗಳನ್ನು ತಪ್ಪಾಗಿ ನಕಲು ಮಾಡುತ್ತಾರೆ. ಮುಂದಿನ ಸಾಲಿಗೆ ಕರೆತಂದಿದ್ದೇವೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗ ಇಬ್ಬರ ಕಣ್ಣನ್ನೂ ಮೊದಲು ನೋಡಿಸಬೇಕು.

ಶಾಲೆ ಮಾಡುವುದು

ನವೆಂಬರ್ 4ರಿಂದ ಡಿಸೆಂಬರ್ 21ರವರೆಗೆ ವಾರಕ್ಕೆ ನಾಲ್ಕು ದಿನ, ಬೆಳಿಗ್ಗೆ 9.15ರಿಂದ 9.55, ಒಟ್ಟು 28 ಪರಿಹಾರ ಬೋಧನೆ ತರಗತಿಗಳು. ಮೊದಲ 8 ತರಗತಿ ಕಡ್ಡಿ ಕಟ್ಟುಗಳಲ್ಲಿ ಸ್ಥಾನಬೆಲೆ ಮತ್ತು ಮಗ್ಗಿ, ನಂತರ 10 ಭಾಗಾಕಾರಕ್ಕೆ, 8 ಕಾಗದದ ಪಟ್ಟಿ ಮಡಚಿ ಭಿನ್ನರಾಶಿಗೆ, ಕೊನೆಯ 2 ಪುನರಾವರ್ತನೆಗೆ. ಮೂವರಿಗೆ ಪ್ರತಿದಿನ ಒಂದು ವಾಕ್ಯಲೆಕ್ಕವನ್ನು ಜೋರಾಗಿ ಓದಿಸಿ, ಏನು ಕೇಳಿದೆ ಎಂದು ಹೇಳಿಸಿ, ಆಮೇಲೆ ಬರೆಸುತ್ತೇವೆ. ಡಿಸೆಂಬರ್ 23ಕ್ಕೆ ಅದೇ ಪ್ರಶ್ನೆಗಳನ್ನು ಅಂಕಿ ಬದಲಿಸಿ ಕೊಡುತ್ತೇವೆ. ಭಿನ್ನರಾಶಿಯ ತಪ್ಪು ಮಾಡಿದ 9 ಮಂದಿಯೂ ಆ ಎಂಟು ತರಗತಿಗೆ ಬರಬೇಕು, ಬರೀ ಏಳು ಮಂದಿಯಲ್ಲ.

ಮಳೆ ರಜೆಯ 8 ದಿನಗಳಲ್ಲಿ ಆರು ಶನಿವಾರ ಮಧ್ಯಾಹ್ನದ ತರಗತಿಗಳಿಂದ 3 ದಿನ ತುಂಬಿದೆ. ಉಳಿದ 5 ದಿನಕ್ಕೆ ಇನ್ನೂ ಹತ್ತು ಶನಿವಾರ ಬೇಕು.

ಸಮಿತಿಯಿಂದ ಬೇಕಾದುದು

ಕಾಲುಸಂಕಕ್ಕೆ ಮುಂದಿನ ಗ್ರಾಮ ಸಭೆಯಲ್ಲೇ ಅರ್ಜಿ ಕೊಟ್ಟು, ಪಂಚಾಯಿತಿಯ ಕ್ರಿಯಾ ಯೋಜನೆಗೆ ಸೇರಿಸಬೇಕು. ಬೇಸಿಗೆಯಲ್ಲಿ ಕೆಲಸ ಮುಗಿಯದಿದ್ದರೆ ಬರುವ ಜುಲೈನಲ್ಲಿ ಇದೇ ಅಂಕಿಗಳು ಮತ್ತೆ ಬರುತ್ತವೆ. ಅರ್ಜಿಗೆ ಲಗತ್ತಿಸಲು ಹಾಜರಿಯ ಪ್ರತಿ ಸಿದ್ಧವಿದೆ. 6ನೇ ತರಗತಿಯ ಕೋಣೆಗೆ ಇನ್ನೆರಡು ಟ್ಯೂಬ್‌ಲೈಟ್ ಹಾಕಲು ಮತ್ತು ಒಡೆದ ಹೆಂಚು ಬದಲಿಸಲು ಶಾಲಾ ಅನುದಾನದಿಂದ ಖರ್ಚು ಮಾಡಲು ಇಂದಿನ ನಡಾವಳಿಯಲ್ಲಿ ಒಪ್ಪಿಗೆ ದಾಖಲಿಸಬೇಕು.

ಇನ್ನೊಂದು ಮಾತು ಪೋಷಕರಾಗಿ ನಿಮಗೇ. ಅಡಿಕೆ ಸುಲಿತದ ದಿನಗಳು ಬಂದಿವೆ. ಕಳೆದ ವರ್ಷ ನಮ್ಮ ಹಾಜರಿ ಅಕ್ಟೋಬರ್‌ನ ಶೇ. 86ರಿಂದ ಡಿಸೆಂಬರ್‌ಗೆ ಶೇ. 71ಕ್ಕೆ ಇಳಿದಿತ್ತು. ಬಂದ ಮಕ್ಕಳೂ ರಾತ್ರಿ ಹನ್ನೊಂದರವರೆಗೆ ಸುಲಿಯುವವರ ಜೊತೆ ಎಚ್ಚರವಿದ್ದು ಮೊದಲ ಪೀರಿಯಡ್‌ನಲ್ಲಿ ತೂಕಡಿಸುತ್ತಿದ್ದರು. ಪರಿಹಾರ ತರಗತಿ ಇರುವುದೂ ಬೆಳಿಗ್ಗೆಯೇ. ಒಂಬತ್ತು ಗಂಟೆಗೆ ಮಕ್ಕಳನ್ನು ಮಲಗಿಸಿ ಎಂದು ನಿಮ್ಮ ನಿಮ್ಮ ಕೇರಿಯ ಮನೆಗಳಿಗೆ ನೀವೇ ಹೇಳಿದರೆ ನಾವು ಹೇಳುವುದಕ್ಕಿಂತ ಹೆಚ್ಚು ನಡೆಯುತ್ತದೆ.

ಮಕ್ಕಳ ಹೆಸರುಗಳನ್ನು ಇಲ್ಲಿ ಬರೆದಿಲ್ಲ. ಸಭೆಯಲ್ಲಿಯೂ ಹೆಸರು ಹಿಡಿದು ಚರ್ಚೆ ಬೇಡವೆಂದು ಕೋರುತ್ತೇವೆ. ಏಳೂ ಮಕ್ಕಳ ಪೋಷಕರನ್ನು ಅಕ್ಟೋಬರ್ 28 ಮತ್ತು 29ರಂದು ಸಂಜೆ 4.30ಕ್ಕೆ ಪ್ರತ್ಯೇಕವಾಗಿ ಕರೆದು ಉತ್ತರ ಪತ್ರಿಕೆ ತೋರಿಸುತ್ತೇವೆ.

ಮುಖ್ಯ ಶಿಕ್ಷಕರು ಹಾಗೂ ಗಣಿತ ಶಿಕ್ಷಕರು