ರುಬ್ಬಿಬಿಡು: ಟ್ರೇಲರ್, ಪೂರ್ತಿ ಸ್ಕ್ರಿಪ್ಟ್

(0:00. ಪರದೆ ಪೂರ್ತಿ ಕಪ್ಪು. ದೂರದಲ್ಲಿ ಒಂದು ಲೋಕಲ್ ಹೋಗುವ ಸದ್ದು, ನಿಧಾನಕ್ಕೆ ಕಡಿಮೆಯಾಗುತ್ತದೆ. ಆಮೇಲೆ ಗಂಡಸಿನ ದನಿ. ತುಂಬಾ ದಪ್ಪ. ಅವಸರವೇ ಇಲ್ಲ.)

ಹಿನ್ನೆಲೆ ದನಿ: ಮುಂಬೈ. ಈ ಊರು ಮಲಗುವುದಿಲ್ಲ ಅಂತಾರೆ. ಸುಳ್ಳು. ರಾತ್ರಿ ಒಂದೂವರೆಗೆ ಮಾಟುಂಗ ಮಲಗುತ್ತದೆ. ಆಗ... ಅವರು ಏಳುತ್ತಾರೆ.

(0:14. ಸಣ್ಣ ಗಲ್ಲಿ. ಬೀದಿ ದೀಪದ ಕೆಳಗೆ ಟೆಂಪೋ ನಿಂತಿದೆ. ಬಾಗಿಲು ಅರ್ಧ ತೆರೆಯುತ್ತದೆ. ಮುಖ ಕಾಣಿಸುವುದಿಲ್ಲ, ಕೈ ಮಾತ್ರ. ಮೂಟೆಗಳು ಇಳಿಯುತ್ತಿವೆ.)

ಮೊದಲ ದನಿ (ಪಿಸುಮಾತು): ಮಾಲು ಬಂತಾ?

ಎರಡನೇ ದನಿ: ಬಂತು. ಐವತ್ತು ಕಿಲೋ.

ಮೊದಲ ದನಿ: ಬಿಚ್ಚಿ ನೋಡಿದ್ಯಾ?

ಎರಡನೇ ದನಿ: ನೋಡಿದೆ ಅಣ್ಣ. ಬೆಳ್ಳಗಿದೆ. ಒಂದು ಕಲ್ಲೂ ಇಲ್ಲ.

(ಡೋಲು ಒಂದೇ ಪೆಟ್ಟು. ಪರದೆಯ ಮೇಲೆ ಅಕ್ಷರ: ಊರು ಬಿಟ್ಟು ಬಂದವನು.)

ಹಿನ್ನೆಲೆ ದನಿ: 1974. ಹದಿಮೂರು ವರ್ಷದ ಹುಡುಗ. ಕುಂದಾಪುರದಿಂದ ಹೊರಟ ಬಸ್ಸು. ಆಗ ಕೊಂಕಣ ರೈಲು ಇರಲಿಲ್ಲ. ಅದು ಪೂರ್ತಿ ಓಡಲು ಇನ್ನೂ 24 ವರ್ಷ ಕಾಯಬೇಕಿತ್ತು. ಅವನ ಬಳಿ ಒಂದು ಚೀಲ, ಒಂದು ವಿಳಾಸ. ಮೊದಲ ದಿನವೇ ಅವನ ಕೈಗೆ ಒಂದು ಕೆಲಸ ಬಂತು. ಯಾರೂ ನೋಡದ ಹಿಂದಿನ ಕೋಣೆಯಲ್ಲಿ... ಗುರುತು ಅಳಿಸುವ ಕೆಲಸ.

(0:41. ನೀರಿನಲ್ಲಿ ಮುಳುಗಿದ ಎರಡು ಸಣ್ಣ ಕೈಗಳು. ಕೆಂಪಗಿನ ಏನೋ ನೀರಲ್ಲಿ ಹರಡುತ್ತಿದೆ.)

ಮೊದಲ ದನಿ: ಏನೂ ಉಳಿಯಬಾರದು. ಫಳಫಳ ಹೊಳೀಬೇಕು.

(ಪರದೆಯ ಮೇಲೆ: ಅವನು ಮೇಲೆ ಬಂದ. ಒಂದೊಂದೇ ಮೆಟ್ಟಿಲು.)

(0:52. ಈಗ ಚಿತ್ರಗಳು ಬೇಗ ಬೇಗ ಬರಬೇಕು. ಬೆಂಕಿ ಹತ್ತುವುದು. ಗಲ್ಲಾದ ಮೇಲೆ ನೋಟು ಎಣಿಸುವ ಬೆರಳು. ಬಾಗಿಲಾಚೆ ಜನ ಸೇರುತ್ತಿರುವುದು. ಉದ್ದನೆಯ ಚೂಪು ಲೋಹ ಕಲ್ಲಿನ ಮೇಲೆ ಕರ್ರ್ ಅಂತ ಎಳೆಯುವುದು.)

ಮೊದಲ ದನಿ: ಸುಪಾರಿ ರೆಡಿ ಇದೆಯಾ?

ಎರಡನೇ ದನಿ: ಗಲ್ಲಾದಲ್ಲಿ ಇಟ್ಟಾಯ್ತು.

ಮೊದಲ ದನಿ: ಬೆಳಿಗ್ಗೆ ಏಳರೊಳಗೆ ನೂರಾದರೂ ಹೋಗಬೇಕು.

ಎರಡನೇ ದನಿ: ಹೋಗ್ತಾವೆ ಅಣ್ಣ. ಆದರೆ... ರಾತ್ರಿ ಮುಚ್ಚಿಟ್ಟದ್ದು ಮೇಲೆ ಬರ್ತಿದೆ.

ಮೊದಲ ದನಿ: ಏನು?

ಎರಡನೇ ದನಿ: ಮುಚ್ಚಳ ಅಲ್ಲಾಡ್ತಿದೆ!

(ಎಲ್ಲ ಸದ್ದು ನಿಲ್ಲುತ್ತದೆ. ಕತ್ತಲೆ. ದೊಡ್ಡ ಸ್ಟೀಲ್ ಪಾತ್ರೆ. ಅದರ ಮುಚ್ಚಳ ಒಂದು ಬೆರಳಿನಷ್ಟು ಮೇಲೆದ್ದಿದೆ. ಸಂದಿಯಿಂದ ಬಿಳಿಯದೊಂದು ಹೊರಗೆ ಇಣುಕುತ್ತದೆ. ಮೆಲ್ಲಗೆ ಜಾರುತ್ತದೆ. ತೊಟ್ಟ್. ನೆಲಕ್ಕೆ.)

ಮೊದಲ ದನಿ (ಗುಡುಗಿನ ಹಾಗೆ): ಉಳಿದದ್ದನ್ನೂ ಈಗಲೇ... ರುಬ್ಬಿಬಿಡು!

(1:12. ಟಕ್. ಟ್ಯೂಬ್‌ಲೈಟ್ ಹೊತ್ತುತ್ತದೆ. ಹೋಟೆಲಿನ ಅಡುಗೆಮನೆ. ಲುಂಗಿ, ಬನಿಯನ್, ಹೆಗಲಲ್ಲಿ ಟವೆಲ್. ಅಪ್ಪಯ್ಯ. ಕೈಯಲ್ಲಿ ಉದ್ದಿನ ಬೇಳೆಯ ಬಕೆಟ್ಟು.)

ಅಪ್ಪಯ್ಯ: ಎಂತ ಮಾರಾಯ್ತಿ, ಲೈಟ್ ಆರಿಸಿ ಎಂತ ಮಾಡ್ತಿದ್ದಿ? ಹಿಟ್ಟು ಉಕ್ಕಿ ಹೋಗ್ತಾ ಉಂಟು, ಕಾಣುದಿಲ್ವಾ?

ನಾನು (ಕ್ಯಾಮೆರಾ ಹಿಂದಿನಿಂದ): ಅಪ್ಪಯ್ಯ, ಟ್ರೇಲರ್ ನಡೀತಾ ಉಂಟು.

ಅಪ್ಪಯ್ಯ: ಟ್ರೇಲರ್ ಆಮೇಲೆ ಮಾಡು ಮಗಾ. ಮೊದಲು ಆ ಪಾತ್ರೆ ಹಿಡಿ.

(ಗ್ರೈಂಡರ್ ತಿರುಗಲು ಶುರು. ಇಲ್ಲಿ ಸಂಗೀತ ಬೇಡ. ನಾನು ಹುಟ್ಟಿದಾಗಿನಿಂದ ಕೇಳಿದ ಸದ್ದು ಇದು, ಇದೇ ಇರಲಿ. ಈ ಬೆಳಕಿನಲ್ಲಿ ಹಿಂದಿನ ಚಿತ್ರಗಳು ಮತ್ತೆ ಬರಬೇಕು. ಮೂಟೆಯಲ್ಲಿ ಉದ್ದು. ನೀರಿನಲ್ಲಿ ಸಾಂಬಾರಿನ ತಟ್ಟೆ. ಚೂಪು ಲೋಹ ದೋಸೆ ಎಬ್ಬಿಸುವ ಸಟ್ಟುಗ. ಸುಪಾರಿ, ಬಿಲ್ಲಿನ ಜೊತೆ ಕೊಡುವ ಬಟ್ಟಲಲ್ಲಿ, ಸೋಂಪಿನ ಪಕ್ಕ.)

(1:34. ನನ್ನ ದನಿ. ಇಲ್ಲಿಂದ ನಾಟಕ ಇಲ್ಲ.)

ನಾನು: ನಮಸ್ಕಾರ. ಇದು ನನ್ನ ಹೊಸ ಸರಣಿ, 'ರುಬ್ಬಿಬಿಡು'. ಮಾಟುಂಗದ ನಮ್ಮವರ ಅಡುಗೆಮನೆಗಳ ಕತೆ. ಎಂಟು ಕಂತು. ಎಲ್ಲವನ್ನೂ ನಸುಕಿನಲ್ಲೇ ಶೂಟ್ ಮಾಡಿದ್ದೇನೆ, ಯಾಕಂದ್ರೆ ಕತೆ ನಡೆಯೋದೇ ಆಗ. ಬಾಗಿಲು ತೆರೆದ ಮೇಲೆ ನಿಮಗೆ ಕಾಣೋದು ಇಡ್ಲಿ ಮಾತ್ರ.

(ಅಪ್ಪಯ್ಯನ ಕೈ ಹತ್ತಿರದಿಂದ. ಬೆರಳ ತುದಿಯಲ್ಲಿ ಒಂದಿಷ್ಟು ಉದ್ದಿನ ಹಿಟ್ಟು ತೆಗೆದು ನೀರಿನ ಲೋಟಕ್ಕೆ ಬಿಡುತ್ತಾರೆ. ಅದು ಮುಳುಗುವುದಿಲ್ಲ. ತೇಲುತ್ತದೆ. ತಲೆಯಾಡಿಸಿ ಗ್ರೈಂಡರ್ ಆರಿಸುತ್ತಾರೆ. ಈ ಶಾಟ್ ಕತ್ತರಿಸಬೇಡಿ, ಪೂರ್ತಿ ಇರಲಿ.)

ನಾನು: ಮೊದಲ ಕಂತು ಹಿಟ್ಟಿನದು. ಮೇ ತಿಂಗಳ ಸೆಕೆಯಲ್ಲಿ ಹಿಟ್ಟು ಬೇಗ ಹುಳಿಯಾಗುತ್ತದೆ. ಗ್ರೈಂಡರ್ ಕಲ್ಲು ಬಿಸಿಯಾಗದಿರಲಿ ಅಂತ ಐಸ್ ನೀರು ಹಾಕಿ ರುಬ್ಬುತ್ತಾರೆ. ಜನವರಿಯಲ್ಲಿ ಅದೇ ಹಿಟ್ಟು ಏಳಲು ತಡ. ಆಗ ಪಾತ್ರೆಯನ್ನು ಒಲೆಯ ಹತ್ತಿರ ಇಡುತ್ತಾರೆ. ಇದನ್ನೆಲ್ಲ ಯಾರೂ ಬರೆದಿಟ್ಟಿಲ್ಲ. ಕೈಗೆ ಗೊತ್ತು, ಅಷ್ಟೇ. ಆ ಕೈಗಳಿಗೆ ಈಗ ಅರವತ್ತು ದಾಟಿದೆ. ಅದಕ್ಕೇ ನನಗೆ ಅವಸರ.

(1:58. ಹಳೆಯ ಮರದ ಬೆಂಚು. ಅದರ ಮೇಲೆ ಕನ್ನಡ ಅಂಕಲಿಪಿ, ಪಕ್ಕದಲ್ಲಿ ಮಡಿಸಿಟ್ಟ ಟವೆಲ್.)

ನಾನು: ಮೂರನೇ ಕಂತು ರಾತ್ರಿ ಶಾಲೆಯದು. ಹಗಲು ತಟ್ಟೆ ತೊಳೆದ ಹುಡುಗರು ರಾತ್ರಿ ಕನ್ನಡ ಶಾಲೆಗೆ ಹೋಗುತ್ತಿದ್ದರು. ಫೋರ್ಟ್ ಭಾಗದಲ್ಲಿ ಅಂಥ ಶಾಲೆಗಳು ಎಷ್ಟೋ ಇದ್ದವು. ಅಪ್ಪಯ್ಯ ಎಸ್‌ಎಸ್‌ಸಿ ಬರೆದದ್ದು ಹಾಗೇ. ಪರೀಕ್ಷೆಯ ದಿನವೂ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಚಟ್ನಿಗೆ ಕಾಯಿ ತುರಿದು ಹೋಗಿದ್ದರಂತೆ. ಇದನ್ನು ಹೇಳುವಾಗ ಅವರು ಸುಮ್ನೆ ಕಾಯಿ ತುರಿಯುತ್ತಲೇ ಇದ್ದರು. ತಲೆ ಎತ್ತಲಿಲ್ಲ. ನಾನೂ ಕ್ಯಾಮೆರಾ ಅಲ್ಲಾಡಿಸಲಿಲ್ಲ.

(ಅಮ್ಮ ಬಾಗಿಲಲ್ಲಿ, ಕೈಯಲ್ಲಿ ಕಾಫಿ.)

ಅಮ್ಮ: ನನ್ನ ಕಂತು ಯಾವುದು?

ನಾನು: ಐದನೆಯದು, ಅಮ್ಮ. ಹೋಟೆಲಿಗೆ ಮಸಾಲೆ ಪುಡಿ ಮಾಡಿಕೊಟ್ಟವರು.

ಅಮ್ಮ: ಮೆಣಸು ಹುರಿಯೋದು ಸರಿಯಾಗಿ ತೋರಿಸು. ಸೀದು ಹೋಗುವಷ್ಟು ಅಲ್ಲ.

(2:20. ಮತ್ತೆ ಕತ್ತಲೆ. ಡೋಲು. ದಪ್ಪ ದನಿ ವಾಪಸ್.)

ಹಿನ್ನೆಲೆ ದನಿ: ಬರುವ ಭಾನುವಾರ. ಬೆಳಿಗ್ಗೆ ಆರು ಗಂಟೆ. ಒಂದು ಊರು. ಒಂದು ಒಲೆ. ಐವತ್ತು ವರ್ಷಗಳ...

(ದೂರದಿಂದ ಗಿರಾಕಿಯೊಬ್ಬರು: ಅಣ್ಣಾ, ನಮ್ದು ಇನ್ನೂ ಬಂದಿಲ್ಲ!)

ಹಿನ್ನೆಲೆ ದನಿ (ಉಸಿರೂ ತೆಗೆಯದೆ, ಅದೇ ಗಾಂಭೀರ್ಯದಲ್ಲಿ): ...ಎರಡು ಇಡ್ಲಿ ವಡಾ, ಒಂದು ಮಸಾಲಾ ಕಡಕ್, ಒಂದು ಸಾದಾ ಎಣ್ಣೆ ಕಮ್ಮಿ, ಮೂರು ಫಿಲ್ಟರ್, ಒಂದು ಸಕ್ಕರೆ ಇಲ್ಲ, ಏಳನೇ ಟೇಬಲ್!

(ಬೆಳಕು. ಅಡುಗೆಮನೆಯ ಕಿಟಕಿಯ ಬಳಿ ನಮ್ಮ ಹೋಟೆಲಿನ ಸಪ್ಲೈಯರ್ ಮಾಮ. ಬಲ ತೋಳಿನ ಮೇಲೆ ನಾಲ್ಕು ತಟ್ಟೆ, ಎಡಗೈಯಲ್ಲಿ ಮೈಕು. ಮೂವತ್ತು ವರ್ಷ ಈ ಕಿಟಕಿಗೆ ಆರ್ಡರ್ ಕೂಗಿದ ದನಿ ಅದು. ಇಡೀ ಮುಂಬೈಯಲ್ಲಿ ಇದಕ್ಕಿಂತ ಒಳ್ಳೆ ದನಿ ನನಗೆ ಸಿಕ್ಕಲಿಲ್ಲ, ನಾನು ಬೇರೆ ಕಡೆ ಹುಡುಕಲೂ ಇಲ್ಲ.)

ಅಪ್ಪಯ್ಯ (ಒಳಗಿನಿಂದ): ಮಸಾಲಾ ಒಂದಾ ಎರಡಾ?

ಮಾಮ (ಮೈಕನ್ನು ನನ್ನ ಕೈಗೆ ಕೊಟ್ಟು): ಒಂದು! ಕಡಕ್!

(ಕಾವಲಿಯ ಮೇಲೆ ಹಿಟ್ಟು ಬೀಳುವ ಸದ್ದು. ಚುಂಯ್. ಕಪ್ಪು ಪರದೆ.)