ಸರಾಸರಿ ಮಳೆಯ ಫೋಟೊ ಕುರಿತು ಸದಸ್ಯರಿಗೆ ಪತ್ರ

ಹಿರಿಯೂರು ತಾಲ್ಲೂಕು
ಮೇ 12, 2025

ಸಂಘದ ಸದಸ್ಯ ಬಾಂಧವರಿಗೆ ನಮಸ್ಕಾರ.

ಕಚೇರಿ ಗೋಡೆಯ ಮಳೆ ಪಟ್ಟಿಯ ಫೋಟೊ ಎಲ್ಲರ ಮೊಬೈಲಿಗೂ ಬಂದಿದೆ. ‘ಸರಾಸರಿ ಚೆನ್ನಾಗಿದೆ, ಶೇಂಗಾಕ್ಕೆ ಹೆಚ್ಚು ಸಾಲ ಕೊಡಿ’ ಎಂದು ಹಲವರು ಕೇಳುತ್ತಿದ್ದೀರಿ. ಫೋಟೊದಲ್ಲಿ ಕೊನೆಯ ಸಾಲು ಮಾತ್ರ ಇದೆ. ಮೇಲಿನ ವರ್ಷವಾರು ಸಾಲುಗಳನ್ನು ಯಾರೋ ಕತ್ತರಿಸಿದ್ದಾರೆ.

ಒಂದು ಲೆಕ್ಕ ನೋಡಿ. ಐದು ವರ್ಷ ಕ್ರಮವಾಗಿ 700, 650, 300, 250, 600 ಮಿ.ಮೀ. ಮಳೆಯಾಯಿತು ಎನ್ನೋಣ. ಸರಾಸರಿ 500. ಆದರೆ 500 ಬಿದ್ದ ವರ್ಷ ಒಂದೂ ಇಲ್ಲ! ಬೆನ್ನುಬೆನ್ನಿಗೆ ಬಂದ ಎರಡು ಬರಗಳಲ್ಲಿ ಬೀಜದ ಕಾಯಿಯೂ ಉಳಿಯುವುದಿಲ್ಲ, ಬಡ್ಡಿ ಮಾತ್ರ ಬೆಳೆಯುತ್ತದೆ.

ನಾವೇ ಕಂಡಿದ್ದೇವಲ್ಲ: 1933ರ ನಂತರ ಮೊದಲ ಬಾರಿಗೆ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು, ಬಾಗಿನ ಕೊಟ್ಟೆವು. ಮರುವರ್ಷವೇ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ಇವೆರಡನ್ನೂ ಕೂಡಿಸಿ ಭಾಗಿಸಿದರೆ ಬರವೇ ಮಾಯ.

ವರ್ಷದ ಮೊತ್ತವೂ ಪೂರ್ತಿ ನಿಜ ಹೇಳುವುದಿಲ್ಲ. ಶೇಂಗಾ ಊಡು ಇಳಿಯುವಾಗ ಮೂರು ವಾರ ಒಣಗಿ, ಕೀಳುವಾಗ ಜಡಿಮಳೆ ಹಿಡಿದರೂ ಪಟ್ಟಿಯಲ್ಲಿ ‘ವಾಡಿಕೆ ಮಳೆ’ಯೇ.

ವರ್ಷವಾರು ವಹಿ ಕಚೇರಿಯಲ್ಲಿದೆ. ಸಾಲದ ಅರ್ಜಿಗೆ ಮೊದಲು ಬಂದು ನೋಡಿ. ಫೋಟೊ ತೆಗೆಯುವುದಾದರೆ ಪೂರ್ತಿ ಪುಟ ತೆಗೆಯಿರಿ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ
ರೈತರ ಸಹಕಾರ ಸಂಘ