ಸುಜಾತಕ್ಕನಿಗೆ, ಕಾರಿನ ವಿಷಯವಾಗಿ

ಸುಜಾತಕ್ಕ,

ನಿನ್ನೆ ಕ್ಯಾಂಟೀನಿನಲ್ಲಿ ನೀವು ಮತ್ತೆ ಕೇಳಿದಾಗ "ನೋಡೋಣ ಅಕ್ಕ" ಅಂದು ಎದ್ದುಬಿಟ್ಟೆ. ಹಾಗೆ ಹೇಳಿದ್ದು ಸರಿಯಾಗಲಿಲ್ಲ ಅಂತ ರಾತ್ರಿಯೆಲ್ಲಾ ಅನ್ನಿಸುತ್ತಿತ್ತು. ಹರಿಹರದಿಂದ ದಾವಣಗೆರೆಗೆ ನಾನು ನಿಮ್ಮ ಕಾರಿನಲ್ಲಿ ದಿನಾ ಡ್ಯೂಟಿಗೆ ಬರುವುದು ಬೇಡ ಅಕ್ಕ. ಎದುರಿಗೆ ಹೇಳಿದರೆ ನೀವು ಒಪ್ಪಿಸಿಬಿಡುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲನೆಯದು ಟೈಮಿನ ವಿಷಯ. ನಿಮ್ಮ ಬಿಲ್ಲಿಂಗ್ ಕೌಂಟರ್ ಒಂಬತ್ತೂವರೆಗೆ. ನಮ್ಮ ಲ್ಯಾಬ್ ಬಾಗಿಲಲ್ಲಿ ಏಳು ಗಂಟೆಗೆಲ್ಲಾ ಫಾಸ್ಟಿಂಗ್ ಶುಗರ್‌ನವರು ಕೂತಿರುತ್ತಾರೆ. ರಾತ್ರಿಯಿಂದ ಏನೂ ತಿಂದಿರುವುದಿಲ್ಲ, ಅದರಲ್ಲೂ ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದ ವಯಸ್ಸಾದವರೇ ಜಾಸ್ತಿ. ಅವರ ರಕ್ತ ತೆಗೆದು ತಿಂಡಿಗೆ ಕಳಿಸಿದರೆ, ತಿಂದು ಸರಿಯಾಗಿ ಎರಡು ಗಂಟೆ ಆದಮೇಲೆ ಮತ್ತೆ ಬರಬೇಕು. ನಾನು ಅರ್ಧ ಗಂಟೆ ತಡ ಮಾಡಿದರೆ ಅವರ ಇಡೀ ಬೆಳಿಗ್ಗೆ ಹಿಂದೆ ಬೀಳುತ್ತದೆ. ಇನ್‌ಚಾರ್ಜ್ ಹತ್ತಿರ ಮಾತಾಡಿ ಡ್ಯೂಟಿ ಬದಲಾಯಿಸಿಕೊ ಅಂದಿರಿ. ಅದು ನನಗೆ ಇಷ್ಟವಿಲ್ಲ ಅಕ್ಕ. ಬೆಳಗಿನ ಡ್ಯೂಟಿ ನಾನೇ ಕೇಳಿ ತೆಗೆದುಕೊಂಡದ್ದು.

"ನಾನೇ ಆರೂಕಾಲಿಗೆ ಹೊರಡುತ್ತೇನೆ, ಅಲ್ಲಿ ಕೂತಿರುತ್ತೇನೆ" ಅಂದಿರಲ್ಲ, ಕಳೆದ ಬುಧವಾರ ಅದನ್ನೂ ನೋಡಿದೆವು. ನಿಮ್ಮ ತಲೆ ಇನ್ನೂ ಒದ್ದೆ ಇತ್ತು. ಮಗನ ಡಬ್ಬಿಗೆ ಚಿತ್ರಾನ್ನ ಕಲಸಿಟ್ಟು, ಮುಚ್ಚಿದೆನೋ ಇಲ್ಲವೋ ಅಂತ ದೊಡ್ಡಬಾತಿ ದಾಟುವವರೆಗೂ ಅತ್ತೆಗೆ ಫೋನ್ ಮಾಡುತ್ತಿದ್ದಿರಿ. ಸಂಜೆ ಇನ್ನೊಂದು ಕಥೆ. ನನ್ನ ಡ್ಯೂಟಿ ಮೂರಕ್ಕೆ ಮುಗಿಯಿತು, ನಿಮ್ಮದು ಐದೂವರೆಗೆ. ನಾನು ಕಾಯುತ್ತಿದ್ದೇನೆ ಅಂತ, ಕೌಂಟರ್ ಮುಂದೆ ಏಳೆಂಟು ಜನ ನಿಂತಿರುವಾಗಲೇ ನೀವು ಗಡಿಯಾರ ನೋಡಿ ನೋಡಿ ಬಿಲ್ ಹಾಕುತ್ತಿದ್ದಿರಿ. ಒಬ್ಬ ಅಜ್ಜನಿಗೆ ಚಿಲ್ಲರೆ ಕೊಡುವುದು ಮರೆತು ಹಿಂದೆಯೇ ಓಡಿದಿರಿ. ನೀವು ಯಾವತ್ತೂ ಹಾಗೆ ಗಡಿಬಿಡಿ ಮಾಡುವವರಲ್ಲ. ನನ್ನಿಂದ ಹಾಗಾಯಿತಲ್ಲ ಅಂತ ತುಂಬಾ ಬೇಜಾರಾಯಿತು.

ಟೈಮ್ ಒಂದೇ ಆಗಿದ್ದರೂ ನಾನು ಬೇಡ ಅನ್ನುತ್ತಿದ್ದೆನೋ ಏನೋ. ಅದನ್ನೂ ಮುಚ್ಚಿಡುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಎಲ್ಲಿಗೆ ಹೋಗಬೇಕಾದರೂ ಅಣ್ಣನ ಬೈಕೇ ಗತಿ. ಅವನು ಒಂದು ದಿನವೂ ಮುಖ ಗಂಟಿಕ್ಕಿದವನಲ್ಲ. ಆದರೆ ಕೇಳಬೇಕಿತ್ತಲ್ಲ ಅಕ್ಕ, ದಿನಾ ಕೇಳಬೇಕಿತ್ತು. ಒಮ್ಮೆ ದಾವಣಗೆರೆಯ ನಿಟುವಳ್ಳಿಯಲ್ಲಿ ಅಮ್ಮನಿಗೆ ಜೋರು ಜ್ವರ. ಮಧ್ಯಾಹ್ನವೇ ಫೋನ್ ಬಂತು. ಅಣ್ಣ ಕೆಲಸ ಮುಗಿಸಿ ಬರುವವರೆಗೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲೇ ಕೂತಿದ್ದೆ. ಆಟೋ ಹಿಡಿದು ಬಸ್ ಸ್ಟ್ಯಾಂಡಿಗೆ ಹೋಗಬಹುದಿತ್ತು, ಆಗ ಅದೂ ತಲೆಗೆ ಹೊಳೆಯಲಿಲ್ಲ. ಅಷ್ಟು ಅಭ್ಯಾಸವಾಗಿಬಿಟ್ಟಿತ್ತು.

2023ರ ಯುಗಾದಿಗೆ ಸ್ಕೂಟಿ ತೆಗೆದುಕೊಂಡೆ. ಅದೇ ವರ್ಷ ಜೂನ್‌ನಲ್ಲಿ ಸರ್ಕಾರಿ ಬಸ್ಸು ಹೆಂಗಸರಿಗೆ ಫ್ರೀ ಆಯಿತು, ಮನೆಯಲ್ಲಿ ಎಲ್ಲರೂ ಸುಮ್ನೆ ದುಡ್ಡು ಹಾಕಿದೆ ಅಂದರು. 24 ಕಂತು ನನ್ನ ಸಂಬಳದಲ್ಲೇ ಕಟ್ಟಿದೆ. ಈಗ ಡ್ಯೂಟಿ ಮುಗಿದರೆ ಅಮ್ಮನ ಮನೆಗೆ ಹೋಗಬೇಕು ಅನ್ನಿಸಿದರೆ ಹೋಗುತ್ತೇನೆ. ಕೆ.ಆರ್. ಮಾರ್ಕೆಟ್ಟಿನಲ್ಲಿ ಸೊಪ್ಪು ಚೆನ್ನಾಗಿದ್ದರೆ ನಿಂತು ಆರಿಸುತ್ತೇನೆ. ಬೆಳಿಗ್ಗೆ ಪಿ.ಬಿ. ರಸ್ತೆಯಲ್ಲಿ ಬರುವಾಗ ನೀರು ಬಿಟ್ಟ ಭತ್ತದ ಗದ್ದೆ ಕಡೆಯಿಂದ ತಣ್ಣನೆ ಗಾಳಿ ಬರುತ್ತದೆ. ಆ ಅರ್ಧ ಗಂಟೆ ನಾನು ಯಾರ ಮಗಳೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ಅದನ್ನು ಬಿಟ್ಟುಕೊಡಲು ಮನಸ್ಸಿಲ್ಲ ಅಕ್ಕ.

ಒಬ್ಬಳೇ ಬರುತ್ತೀಯ ಅಂತ ನಿಮಗೆ ಚಿಂತೆ, ಗೊತ್ತು. ತಿಂಗಳಲ್ಲಿ ಒಂದು ವಾರ ಮಧ್ಯಾಹ್ನದ ಡ್ಯೂಟಿ ಬಿದ್ದಾಗ ಮಾತ್ರ ಬಿಡುವುದು ರಾತ್ರಿ ಒಂಬತ್ತಾಗುತ್ತದೆ. ಆ ವಾರ ನಾನು ನಿಟುವಳ್ಳಿಯಲ್ಲೇ ಇರುತ್ತೇನೆ, ಹರಿಹರಕ್ಕೆ ಬರುವುದಿಲ್ಲ. ಅಮ್ಮನಿಗೂ ಅದೇ ಖುಷಿ.

ಪೆಟ್ರೋಲಿಗೆ ಒಂದು ರೂಪಾಯಿಯೂ ಬೇಡ ಅಂದಿರಿ. ಮುಂದಿನ ಸೀಟಿನ ಪ್ಲಾಸ್ಟಿಕ್ ಕೂಡ ತೆಗೆಯದ ಹೊಸ ಕಾರಿನಲ್ಲಿ ಮನೆಯವರನ್ನು ಬಿಟ್ಟರೆ ಮೊದಲು ಕೂರಿಸಿದ್ದು ನನ್ನನ್ನು. ಅದನ್ನು ಮರೆಯುವುದಿಲ್ಲ. ಎಲ್ಲರಿಗೂ ಟ್ರೈನಿಂಗ್ ಇಟ್ಟು ಒಂದೇ ಹೊತ್ತಿಗೆ ಕರೆದ ದಿನ, ಇಲ್ಲಾ ಜಡಿಮಳೆ ಹಿಡಿದು ನಿಮ್ಮ ಟೈಮೂ ಹೊಂದಿದ ದಿನ, ನಾನೇ ಹಿಂದಿನ ರಾತ್ರಿ ಫೋನ್ ಮಾಡಿ ಕೇಳುತ್ತೇನೆ. ಕೇಳಲು ನಿಮ್ಮ ಹತ್ತಿರ ನನಗೇನೂ ಸಂಕೋಚವಿಲ್ಲ.

ನಾಳೆಯಿಂದ ಆರೂಕಾಲಿಗೆ ಹೊರಡುವ ಅವಸರ ಬೇಡ, ಮಗನಿಗೆ ಬಿಸಿಬಿಸಿ ಡಬ್ಬಿ ಕಟ್ಟಿ ನಿಮ್ಮ ಹೊತ್ತಿಗೆ ಬನ್ನಿ. ಒಂದು ಗಂಟೆಗೆ ಕ್ಯಾಂಟೀನಿನಲ್ಲಿ ನಮ್ಮ ಜಾಗ ಹಿಡಿದಿರುತ್ತೇನೆ. ಅಮ್ಮ ಶೇಂಗಾ ಚಟ್ನಿಪುಡಿ ಕೊಟ್ಟಿದ್ದಾಳೆ, ನಿಮ್ಮ ಪಾಲಿನ ಡಬ್ಬಿ ಬೇರೆ ಇದೆ.

ನಿಮ್ಮ
ರೇಖಾ